ಬೂಟಿನ ಹೊಲಿಗೆ ತಳ ಮುಟ್ಟಿದೆಯೇ?

ಫಾರ್ಮಲ್ ಬೂಟಿನ ಅಂಚಿನ ಸುತ್ತ ಕಾಣುವ ಹೊಲಿಗೆಯನ್ನು ನೋಡಿದೊಡನೆ ನಂಬಬೇಡಿ. ಗುಡ್‌ಇಯರ್ ವೆಲ್ಟ್ ವಿಧಾನದಲ್ಲಿ ವೆಲ್ಟ್ ಎಂಬ ಚರ್ಮದ ಪಟ್ಟಿಯನ್ನು ಮೊದಲು ಮೇಲ್ಚರ್ಮ, ಲೈನಿಂಗ್ ಮತ್ತು ಒಳಅಟ್ಟೆಗೆ ಹೊಲಿಯುತ್ತಾರೆ. ಈ ಹೊಲಿಗೆ ಹೊರಗೆ ಕಾಣದು. ನಂತರ ಅದೇ ಪಟ್ಟಿಯನ್ನು ಹೊರಅಟ್ಟೆಗೆ ಹೊಲಿಯುತ್ತಾರೆ. ನಮಗೆ ಕಾಣುವುದು ಈ ಎರಡನೆಯದು. ಅಟ್ಟೆ ಸವೆದಾಗ ಇದನ್ನಷ್ಟೇ ಬಿಚ್ಚಿ ಹೊಸ ಅಟ್ಟೆ ಕೂರಿಸಬಹುದು, ಮೇಲ್ಚರ್ಮಕ್ಕೆ ಪೆಟ್ಟಿಲ್ಲ.

ಆದರೆ ಅಂಟಿಸಿದ ಬೂಟುಗಳಿಗೂ ಅಲಂಕಾರಕ್ಕೆಂದು ಹೊಲಿಗೆ ಹಾಕಿದ ಪಟ್ಟಿ ಇರುತ್ತದೆ. ಬೂಟನ್ನು ಮಗುಚಿ ನೋಡಿ. ನಿಜವಾದ ಹೊಲಿಗೆಯಾದರೆ ಅಟ್ಟೆಯಡಿಯ ಗಾಡಿಯಲ್ಲಿ ಅದೇ ಅಂತರದ ದಾರ ಸಿಗಬೇಕು. ದುಬಾರಿ ಚರ್ಮದ ಅಟ್ಟೆಯಲ್ಲಿ ದಾರವನ್ನು ಮುಚ್ಚಿರುತ್ತಾರೆ, ಆಗ ಅಂಚಿನ ಬಳಿ ಸಣ್ಣ ಸೀಳುಗೆರೆ ಹುಡುಕಿ. ಒಳಹಾಸಿನ ಕೆಳಗೆ, ಒಳಅಟ್ಟೆಯ ಮೇಲೆಯೇ ಹೊಲಿಗೆ ಕಂಡರೆ ಅದು ಬ್ಲೇಕ್ ವಿಧಾನ: ತೆಳುವು, ಸುಲಭವಾಗಿ ಬಾಗುತ್ತದೆ, ಆದರೆ ಹೊಲಿಗೆಯ ತೂತುಗಳಿಂದ ನೀರು ಒಳಸೇರಬಹುದು. ಕಳಪೆಯಲ್ಲ.

ಲೈನಿಂಗಿಗೆ ಹಿಮ್ಮಡಿಯೊಳಗೆ ಬೆರಳಾಡಿಸಿ. ಚರ್ಮದ್ದು ಬೆವರು ಹೀರುತ್ತದೆ. ಬಟ್ಟೆಗೆ ಪ್ಲಾಸ್ಟಿಕ್ ಲೇಪಿಸಿದ್ದು ಅಲ್ಲಿಯೇ ಮೊದಲು ಸುಲಿಯುತ್ತದೆ, ಅದರ ಕತ್ತರಿಸಿದ ಅಂಚಿನಲ್ಲಿ ನೇಯ್ಗೆಯ ಎಳೆಗಳು ಇಣುಕುತ್ತವೆ.