ದಾಂಪತ್ಯದಲ್ಲಿ ಅಭಯ

ಗಂಡುಹೆಣ್ಣಿನ ಪ್ರೇಮಸಂಬಂಧವನ್ನು ಕುರಿತು ಬರೆಯುವ ಮನಃಶಾಸ್ತ್ರಜ್ಞರು ‘ಭಾವನಾತ್ಮಕ ಸುರಕ್ಷತೆ’ ಎಂಬ ಮಾತನ್ನು ಬಹಳವಾಗಿ ಬಳಸುತ್ತಾರೆ. ಮನೆಯಲ್ಲಿ ಜಗಳವಿಲ್ಲದಿರುವುದು ಎಂದು ಇದರ ಅರ್ಥವಲ್ಲ. ತನ್ನ ಅಳುಕನ್ನು, ಸೋಲನ್ನು, ನೋವನ್ನು ಬಾಯಿಬಿಟ್ಟು ಹೇಳಿದರೆ ಎದುರಿಗಿರುವವರು ಹಂಗಿಸಲಾರರು, ತಿರಸ್ಕರಿಸಲಾರರು, ಬೇಕಾದಾಗ ದೊರಕುತ್ತಾರೆ ಎಂಬ ನಂಬಿಕೆಯೇ ಅದು. ನಮ್ಮ ಭಾಷೆಯಲ್ಲಿ ಅದಕ್ಕೆ ‘ಅಭಯ’ ಎಂಬ ಹಳೆಯ ಪದವೇ ಸಾಕೆಂದು ನನಗೆ ತೋರುತ್ತದೆ.

ಈ ವಿಚಾರದ ಬೇರು ಇರುವುದು ಶಿಶುಮನಃಶಾಸ್ತ್ರದಲ್ಲಿ. ಇಂಗ್ಲೆಂಡಿನ ವೈದ್ಯ ಜಾನ್ ಬೌಲ್ಬಿ, ಮಗುವಿಗೆ ತಾಯಿಯ ಆಸರೆಯು ಹಾಲಿನಷ್ಟೇ ಮೂಲಭೂತವಾದ ಅವಶ್ಯಕತೆಯೆಂದು ವಾದಿಸಿದರು. ಅವರ ಸಹೋದ್ಯೋಗಿಯಾಗಿದ್ದ ಮೇರಿ ಏನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರಿನಲ್ಲಿ ಅದನ್ನು ಪರೀಕ್ಷಿಸಲು ಒಂದು ಸರಳ ವಿಧಾನವನ್ನು ರೂಪಿಸಿದರು. ಆಟಿಕೆಗಳಿರುವ ಅಪರಿಚಿತ ಕೋಣೆಯಲ್ಲಿ ಒಂದು ವರ್ಷದ ಮಗುವನ್ನು ಬಿಟ್ಟು ತಾಯಿ ಕೆಲವು ನಿಮಿಷ ಹೊರಗೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ತಾಯಿ ಹೋದಾಗ ಮಗು ಅಳುವುದೋ ಇಲ್ಲವೋ ಎಂಬುದನ್ನೇ ಮುಖ್ಯವೆಂದು ನಾವು ತಿಳಿಯುತ್ತೇವೆ. ಆದರೆ ಏನ್ಸ್‌ವರ್ತ್ ಹೆಚ್ಚು ಗಮನವಿಟ್ಟು ನೋಡಿದ್ದು ತಾಯಿ ಮರಳಿ ಬಂದ ಗಳಿಗೆಯನ್ನು. ಆಸರೆಯಲ್ಲಿ ನಂಬಿಕೆಯುಳ್ಳ ಮಗು ಅಳುತ್ತಲೇ ಓಡಿಬಂದು, ತೋಳಿನಲ್ಲಿ ಸಮಾಧಾನಗೊಂಡು, ಮತ್ತೆ ಆಟಕ್ಕೆ ತೊಡಗುತ್ತದೆ. ನಂಬಿಕೆ ಕುಂದಿದ ಕೆಲವು ಮಕ್ಕಳು ತಾಯಿಯನ್ನು ಬಿಗಿದಪ್ಪಿಕೊಂಡೇ ಕೋಪದಿಂದ ಒದೆಯುತ್ತವೆ. ಇನ್ನು ಕೆಲವು, ಬಂದವಳನ್ನು ಕಾಣದಂತೆ ಮುಖ ತಿರುಗಿಸಿ ಆಟಿಕೆಯಲ್ಲಿ ಮುಳುಗುತ್ತವೆ. ಇಂಥ ಮಗುವನ್ನು ನಾವು ‘ಎಷ್ಟು ಸಾಧು’ ಎಂದು ಹೊಗಳುವುದುಂಟು. ಎದೆಬಡಿತವನ್ನು ಅಳೆದು ನೋಡಿದಾಗ ಆ ಸಾಧು ಮಗುವಿನ ಒಳಗೂ ಕಳವಳವಿರುವುದು ಕಂಡುಬಂದಿತು.

1987ರಲ್ಲಿ ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಎಂಬವರು, ವಯಸ್ಕರ ಪ್ರೇಮದಲ್ಲಿಯೂ ಈ ಮೂರು ಬಗೆಯ ವರ್ತನೆಗಳೇ ಕಾಣುತ್ತವೆಂದು ಬರೆದರು. ಬಿಗಿದಪ್ಪಿ ಒದೆಯುವ ಮಗುವನ್ನೂ ಮುಖ ತಿರುಗಿಸುವ ಮಗುವನ್ನೂ ಒಂದೇ ಸೂರಿನಡಿ ಗಂಡಹೆಂಡಿರನ್ನಾಗಿ ಇರಿಸಿದರೆ ಏನಾಗಬಹುದೆಂದು ಓದುಗರೇ ಊಹಿಸಬಹುದು.

ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಗಂಡ ಪೇಟೆಯ ಸಹಕಾರಿ ಸಂಘದಲ್ಲಿ ಗುಮಾಸ್ತ. ಹೆಂಡತಿ ಮನೆ, ತೋಟ, ವೃದ್ಧ ಅತ್ತೆ, ಇಬ್ಬರು ಮಕ್ಕಳನ್ನು ನೋಡಿಕೊಳ್ಳುವವಳು. ಒಂದು ಸಂಜೆ ಅವನು ಎರಡು ಗಂಟೆ ತಡವಾಗಿ ಬರುತ್ತಾನೆ. “ನಿಮಗೆ ಮನೆಯೊಂದು ಇದೆಯೆಂಬ ನೆನಪಾದರೂ ಉಂಟೇ?” ಎಂದು ಅವಳು ಕೇಳುತ್ತಾಳೆ. ಅವನು ಉತ್ತರಿಸದೆ ಚಪ್ಪಲಿ ಕಳಚಿ ಒಳಗೆ ಹೋಗುತ್ತಾನೆ. ಅವಳ ದನಿ ಏರುತ್ತದೆ. ಅವನು ಪತ್ರಿಕೆ ಬಿಡಿಸುತ್ತಾನೆ. ಪತ್ರಿಕೆ ಕಂಡಷ್ಟೂ ಅವಳ ಮಾತು ಹರಿತವಾಗುತ್ತದೆ, ಮಾತು ಹರಿತವಾದಷ್ಟೂ ಪತ್ರಿಕೆ ಮುಖದ ಹತ್ತಿರಕ್ಕೆ ಬರುತ್ತದೆ. ಅವಳ ದೂರು, ‘ಇವರು ಕಲ್ಲು.’ ಅವನ ದೂರು, ‘ಇವಳ ಬಾಯಿಗೆ ಬಿಡುವಿಲ್ಲ.’ ಇಬ್ಬರೂ ನಡೆದದ್ದನ್ನೇ ಹೇಳುತ್ತಿದ್ದಾರೆ, ಆದರೆ ಚಕ್ರದ ಅರ್ಧಭಾಗವನ್ನು ಮಾತ್ರ.

ಇದನ್ನು ಬೆನ್ನಟ್ಟುವ–ಹಿಂದೆಸರಿಯುವ ಚಕ್ರವೆನ್ನುತ್ತಾರೆ. ಕೆನಡಾದ ಸೂ ಜಾನ್ಸನ್, ಲೆಸ್ಲಿ ಗ್ರೀನ್‌ಬರ್ಗ್ ಅವರೊಡನೆ 1980ರ ದಶಕದಲ್ಲಿ ದಂಪತಿಗಳಿಗಾಗಿ ರೂಪಿಸಿದ ಚಿಕಿತ್ಸೆ ಆರಂಭವಾಗುವುದು ಇಲ್ಲಿಂದಲೇ. ತಪ್ಪು ಯಾರದೆಂದು ಚಿಕಿತ್ಸಕನು ತೀರ್ಪು ಕೊಡುವುದಿಲ್ಲ. ಮೊದಲು ಆ ಚಕ್ರವನ್ನೇ ಇಬ್ಬರ ಕಣ್ಣಿಗೂ ಕಾಣಿಸುತ್ತಾನೆ. ಬಳಿಕ ಪ್ರತಿಯೊಬ್ಬರ ಹೊರಗಿನ ಭಾವದ ಕೆಳಗಿರುವುದನ್ನು ಮೆಲ್ಲನೆ ಕೇಳುತ್ತಾನೆ. ಅವಳ ಕೋಪದ ಕೆಳಗೆ ಇದ್ದದ್ದು ಭಯ: ಬಸ್ಸಿಗೆ ಏನಾಯಿತೋ ಎಂಬುದು ಒಂದು, ತಾನು ಇವರಿಗೆ ಬೇಡವಾದೆನೋ ಎಂಬುದು ಅದಕ್ಕಿಂತ ಆಳದ್ದು. ಅವನ ಮೌನದ ಕೆಳಗೆ ಇದ್ದದ್ದು ನಾಚಿಕೆ: ‘ಏನು ಮಾಡಿದರೂ ಇವಳ ಕಣ್ಣಿಗೆ ನಾನು ಸೋತವನೇ, ಬಾಯಿ ತೆರೆದರೆ ಇನ್ನೂ ಕೆಡುತ್ತದೆ.’

ಮೂರನೆಯ ಹೆಜ್ಜೆಯೇ ಕಠಿನವಾದುದು. ಆ ಒಳಗಿನ ಮಾತನ್ನು ಚಿಕಿತ್ಸಕನಿಗಲ್ಲ, ಪರಸ್ಪರರಿಗೆ, ಮುಖ ನೋಡಿ ಹೇಳಬೇಕು. ಸಾಮಾನ್ಯವಾಗಿ ಹಿಂದೆ ಸರಿಯುವವರನ್ನೇ ಮೊದಲು ಮುಂದೆ ಕರೆತರುತ್ತಾರೆ. ಇದು ಸಕಾರಣವಾದ ಕ್ರಮ. ಅವನು ಇನ್ನೂ ಪತ್ರಿಕೆಯ ಹಿಂದಿರುವಾಗ ಅವಳು ಕೋಪ ಬಿಟ್ಟು ತನ್ನ ಭಯವನ್ನು ತೋರಿಸಿಕೊಂಡರೆ, ಆ ಮಾತು ಬರಿಯ ಗೋಡೆಗೆ ತಗಲಿದಂತಾಗಿ, ಗಾಯ ಹಿಂದಿಗಿಂತ ಆಳವಾದೀತು. ಅವನು “ನೀನು ದನಿ ಏರಿಸಿದಾಗ ನನಗೆ ಮಾತು ಹೊರಡದು, ನಿನ್ನ ದೃಷ್ಟಿಯಲ್ಲಿ ಕೀಳಾದೆನೆಂದು ಅಂಜುತ್ತೇನೆ” ಎಂದ ಮೇಲೆ ಅವಳಿಗೆ “ನೀವು ಬರುವವರೆಗೆ ನನ್ನ ಜೀವದಲ್ಲಿ ಜೀವವಿರುವುದಿಲ್ಲ” ಎನ್ನಲು ಸಾಧ್ಯವಾಗುತ್ತದೆ. ಒಬ್ಬರು ಕೈಚಾಚಿ, ಇನ್ನೊಬ್ಬರು ಹಿಡಿದ ಇಂಥ ಗಳಿಗೆಗಳು ಕೂಡುತ್ತ ಹೋದಂತೆ ಅಭಯ ಬೆಳೆಯುತ್ತದೆ. ಅಲ್ಲಿಯೂ ಜಗಳ ನಿಲ್ಲುವುದಿಲ್ಲ. ಜಗಳದ ಅನಂತರ ಮರಳಿ ಬರುವ ದಾರಿ ಗೊತ್ತಿರುತ್ತದೆ, ಅಷ್ಟೆ.

ಇದು ಬರಿಯ ಮಾತಿನ ಸಮಾಧಾನವಲ್ಲವೇ ಎಂದು ಕೇಳುವವರಿಗೆ ಒಂದು ಪ್ರಯೋಗವನ್ನು ಹೇಳಬೇಕು. 2006ರಲ್ಲಿ ಜೇಮ್ಸ್ ಕೋನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 16 ಮಂದಿ ವಿವಾಹಿತ ಸ್ತ್ರೀಯರನ್ನು ಮಿದುಳಿನ ಕಾರ್ಯವನ್ನು ಚಿತ್ರಿಸುವ ಯಂತ್ರದಲ್ಲಿ ಮಲಗಿಸಿದರು. ಒಂದು ಸಂಕೇತ ಕಂಡರೆ ಅಪಾಯವಿಲ್ಲ. ಇನ್ನೊಂದು ಕಂಡರೆ ಕಾಲಿನ ಗಿಣ್ಣಿಗೆ ಸಣ್ಣದೊಂದು ವಿದ್ಯುತ್ತಿನ ಹೊಡೆತ ಬೀಳುವ ಸಂಭವ ನೂರಕ್ಕೆ 20. ಕೆಲವೊಮ್ಮೆ ಒಂಟಿಯಾಗಿ, ಕೆಲವೊಮ್ಮೆ ಅಪರಿಚಿತನ ಕೈ ಹಿಡಿದು, ಕೆಲವೊಮ್ಮೆ ಗಂಡನ ಕೈ ಹಿಡಿದು ಅವರು ಕಾಯಬೇಕಾಗಿತ್ತು. ಗಂಡನ ಕೈ ಹಿಡಿದಾಗ ಅಪಾಯಕ್ಕೆ ಮಿದುಳು ತೋರುವ ಪ್ರತಿಕ್ರಿಯೆ ಎಲ್ಲಕ್ಕಿಂತ ಹೆಚ್ಚಾಗಿ ತಗ್ಗಿತು. ದಾಂಪತ್ಯ ಎಷ್ಟು ಹಿತವೋ ಅಷ್ಟು ಹೆಚ್ಚು ತಗ್ಗಿತು. ಮುಂದೆ 2013ರಲ್ಲಿ ಜಾನ್ಸನ್, ಕೋನ್ ಮೊದಲಾದವರು ಮನಸ್ತಾಪದಿಂದಿದ್ದ ದಂಪತಿಗಳ ಮೇಲೆ ಇದನ್ನೇ ಮಾಡಿದರು. ಚಿಕಿತ್ಸೆಗೆ ಮುಂಚೆ ಗಂಡನ ಕೈಯಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಚಿಕಿತ್ಸೆಯ ಅನಂತರ ಅದೇ ಕೈ ಅಂಜಿಕೆಯನ್ನು ತಗ್ಗಿಸಿತು. ಇಲ್ಲಿ ಎಚ್ಚರವೂ ಬೇಕು. ಈ ಎರಡೂ ಅಧ್ಯಯನಗಳು ಚಿಕ್ಕವು. ಎರಡನೆಯದರಲ್ಲಿ ಚಿಕಿತ್ಸೆ ಪಡೆಯದ ಗುಂಪನ್ನು ಹೋಲಿಕೆಗೆ ಇಟ್ಟಿರಲಿಲ್ಲವಾದುದರಿಂದ ಬದಲಾವಣೆಯೆಲ್ಲ ಚಿಕಿತ್ಸೆಯಿಂದಲೇ ಎಂದು ಖಂಡಿತವಾಗಿ ಹೇಳಲಾಗದು.

ಚಿಕಿತ್ಸಕರು ಸಿಗದ ಊರುಗಳಲ್ಲಿ ಮಾಡಬಹುದಾದುದೊಂದಿದೆ. ಸಿಯಾಟಲ್‌ನಲ್ಲಿ ಬಹುಕಾಲ ದಂಪತಿಗಳ ಜಗಳವನ್ನೇ ಅಭ್ಯಸಿಸಿದ ಜಾನ್ ಗಾಟ್‌ಮನ್, ಎದೆಬಡಿತ ನಿಮಿಷಕ್ಕೆ 100ನ್ನು ದಾಟಿದರೆ ಮನುಷ್ಯನಿಗೆ ಎದುರಿನವರ ಮಾತು ಸರಿಯಾಗಿ ಹೊಗದೆಂದು ಹೇಳುತ್ತಾರೆ. ಆಗ ಕಡಿಮೆಯೆಂದರೆ 20 ನಿಮಿಷ ಬಿಡುವು ಬೇಕು. ಆದರೆ ಸುಮ್ಮನೆ ಎದ್ದು ಅಂಗಳಕ್ಕೆ ನಡೆದರೆ ಬೆನ್ನಟ್ಟುವವರಿಗೆ ಅದು ಮತ್ತೊಮ್ಮೆ ಕೈಬಿಟ್ಟಂತೆಯೇ ಕಾಣುತ್ತದೆ. “ನನ್ನ ತಲೆ ಬಿಸಿಯಾಗಿದೆ, ಊಟವಾದ ಮೇಲೆ ಈ ಮಾತನ್ನು ಮುಂದುವರಿಸೋಣ” ಎಂದು ಹೇಳಿ ಹೋಗಬೇಕು. ಹೇಳಿದ ಹೊತ್ತಿಗೆ ಅವರೇ ಬಂದು ಮಾತು ತೆಗೆಯಬೇಕು. ಬಿಡುವಿನಲ್ಲಿ ಮರುವಾದವನ್ನು ಮಸೆಯುತ್ತ ಕುಳಿತರೆ ಎದೆಬಡಿತ ಇಳಿಯುವುದಿಲ್ಲ. ಹಸುವಿಗೆ ಹುಲ್ಲು ಹಾಕುವುದೋ ಗಿಡಕ್ಕೆ ನೀರೆರೆಯುವುದೋ ಮೇಲು.

ಇವೆಲ್ಲವೂ ಹೊಡೆತ ಬಡಿತವಿಲ್ಲದ ಮನೆಗಳಿಗೆ ಹೇಳಿದ ಮಾತು. ಕೈ ಮೇಲೆತ್ತುವ ಗಂಡನ ಮುಂದೆ ‘ನಿನ್ನ ಅಂಜಿಕೆಯನ್ನು ತೋರಿಸಿಕೋ’ ಎಂದು ಹೆಂಡತಿಗೆ ಹೇಳುವುದು ಅವಳನ್ನು ಅಪಾಯಕ್ಕೆ ನೂಕಿದಂತೆ. ಹಿಂಸೆ ನಡೆಯುತ್ತಿರುವಲ್ಲಿ ಜಾನ್ಸನ್‌ರ ಪಂಥದವರೂ ಈ ಚಿಕಿತ್ಸೆಯನ್ನು ಆರಂಭಿಸುವುದಿಲ್ಲ. ಅಲ್ಲಿ ಮೊದಲು ಬೇಕಾದುದು ಮೈಗೆ ರಕ್ಷಣೆ: ತವರಿನವರಿಗೆ ತಿಳಿಸುವುದು, ಬೇಕಾದರೆ ಪೊಲೀಸರ ಮತ್ತು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ನೆರವನ್ನು ಪಡೆಯುವುದು. ಆ ಕಾಯಿದೆಯು ಗಡಿಯ ಈಚೆಯೂ ಆಚೆಯೂ ಒಂದೇ.