ಸೀನಿಯರ್ ಅಕೌಂಟೆಂಟ್ ಬೇಕು, ಆದರೆ ಯಾವ ಕೆಲಸಕ್ಕೆ?

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಗೆ ಸೀನಿಯರ್ ಅಕೌಂಟೆಂಟ್ ಬೇಕಾಗಿದ್ದಾರೆ ಎಂದುಕೊಳ್ಳಿ. ಜಾಹೀರಾತು ಸಾಮಾನ್ಯವಾಗಿ ಹೀಗಿರುತ್ತದೆ: ‘ಟ್ಯಾಲಿ, ಎಸ್‌ಎಪಿ, ಎಕ್ಸೆಲ್, ಪವರ್ ಬಿಐ ಬಲ್ಲವರು, ಜಿಎಸ್‌ಟಿ, ಟಿಡಿಎಸ್, ಆಮದು-ರಫ್ತು ನೋಡಿಕೊಳ್ಳುವವರು, ಎಂಕಾಂ ಅಥವಾ ಸಿಎ ಇಂಟರ್, 3ರಿಂದ 8 ವರ್ಷ ಅನುಭವ, ಒತ್ತಡ ತಾಳುವ ಗುಣ, ಇಂಗ್ಲಿಷ್, ಹಿಂದಿ, ತಮಿಳು.’ ಮಾಡಬೇಕಾದ ಕೆಲಸ, ಅದಕ್ಕೆ ಬೇಕಾದ ಕೌಶಲ, ಮಾಲೀಕರ ಆಸೆ ಮೂರೂ ಇಲ್ಲಿ ಕಲಸಿಹೋಗಿವೆ.

ಬಿಡಿಸಲು ಕೂರುವವರು ಮೊದಲು ಕ್ಯಾಲೆಂಡರ್ ತೆಗೆಯಬೇಕು. ‘ಎಂಥವರು ಬೇಕು?’ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿದರೆ ಪಟ್ಟಿ ಇನ್ನೂ ಬೆಳೆಯುತ್ತದೆ. ‘ಈ ಕುರ್ಚಿ ಖಾಲಿ ಇದ್ದರೆ ತಿಂಗಳಲ್ಲಿ ಯಾವತ್ತು ಏನು ನಿಲ್ಲುತ್ತದೆ?’ ಎಂದು ಕೇಳಿ ನೋಡಿ. ಉತ್ತರ ತಾರೀಖಿನ ಲೆಕ್ಕದಲ್ಲೇ ಬರುತ್ತದೆ. 7ರೊಳಗೆ ಟಿಡಿಎಸ್ ಕಟ್ಟಬೇಕು. 11ರೊಳಗೆ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಸಲ್ಲಿಸಬೇಕು. 14ರಂದು ಸಿದ್ಧವಾಗುವ 2ಬಿ ಪಟ್ಟಿಯನ್ನು ಖರೀದಿ ಬಿಲ್‌ಗಳ ಜೊತೆ ತಾಳೆ ನೋಡಿ, 20ರೊಳಗೆ 3ಬಿ ಸಲ್ಲಿಸಬೇಕು.

ಇಷ್ಟಾದರೂ ‘ಜಿಎಸ್‌ಟಿ ನೋಡಿಕೊಳ್ಳುವುದು’ ಎಂದು ಬರೆದರೆ ಸಾಲದು. ಬಿಲ್ ಎಂಟ್ರಿ ಮಾಡುವ ಕಿರಿಯರೂ ಸಹಿ ಹಾಕುವ ಮ್ಯಾನೇಜರೂ ಅದನ್ನೇ ಮಾಡುತ್ತಾರೆ. ನಡುವಿನ ಹುದ್ದೆಯ ವಿವರಣೆಯಲ್ಲಿ ಮುಖ್ಯವಾಗಿ ಇರಬೇಕಾದದ್ದು ಆ ವ್ಯಕ್ತಿ ತಾವೇ ಎಲ್ಲಿಯವರೆಗೆ ತೀರ್ಮಾನಿಸಬಹುದು ಎಂಬುದು. ನನ್ನ ಪ್ರಕಾರ ಅತಿ ಹೆಚ್ಚು ಬಿಟ್ಟುಹೋಗುವುದೂ ಅದೇ. ‘ಪ್ರತಿ ತಿಂಗಳು 2ಬಿ ಪಟ್ಟಿಯನ್ನು ಖರೀದಿ ಲೆಕ್ಕದೊಂದಿಗೆ ತಾಳೆ ಮಾಡುವುದು, ವ್ಯತ್ಯಾಸವಿದ್ದರೆ ಸರಬರಾಜುದಾರರನ್ನು ನೇರವಾಗಿ ವಿಚಾರಿಸಿ ಸರಿಪಡಿಸಿಕೊಳ್ಳುವುದು, ಬಗೆಹರಿಯದ್ದನ್ನು ಮಾತ್ರ ಮ್ಯಾನೇಜರ್ ಗಮನಕ್ಕೆ ತರುವುದು.’ ಹೀಗೆ ಬರೆದರೆ ಓದಿದವರಿಗೆ ತಮ್ಮ ದಿನ ಹೇಗಿರುತ್ತದೆಂದು ತಿಳಿಯುತ್ತದೆ.

ಕೌಶಲದ ಸರದಿ ಇದರ ನಂತರ. ಪ್ರತಿಯೊಂದೂ ಮೇಲೆ ಬರೆದ ಯಾವ ಕೆಲಸಕ್ಕೆ ಬೇಕು ಎಂದು ತೋರಿಸಬೇಕು. ಕಾರ್ಖಾನೆಯ ಲೆಕ್ಕವೆಲ್ಲ ಟ್ಯಾಲಿಯಲ್ಲಿದ್ದರೆ ಎಸ್‌ಎಪಿ ಹೊಡೆದುಹಾಕಬಹುದು. ಆಮದಿನ ಕಾಗದಪತ್ರ ಕಸ್ಟಮ್ಸ್ ಬ್ರೋಕರ್ ನೋಡುತ್ತಿದ್ದರೆ ಅದೂ ಬೇಡ. ಕೆಲಸಕ್ಕೆ ತಾಗುವುದು ನಿಜ, ಆದರೆ ಸೇರಿದ ಮೇಲೆ ಎರಡು ಮೂರು ತಿಂಗಳಲ್ಲಿ ಕಲಿಯಬಹುದು ಎಂಬಂಥವು ‘ಇದ್ದರೆ ಒಳ್ಳೆಯದು’ ಎಂಬ ಸಾಲಿಗೆ ಹೋಗುತ್ತವೆ: ಪವರ್ ಬಿಐ ಅಂಥದ್ದು. ಸರಬರಾಜುದಾರರು ಹೊಸೂರು, ಕೊಯಮತ್ತೂರಿನವರಾಗಿದ್ದರೆ ತಮಿಳನ್ನೂ ಇಲ್ಲಿಯೇ ಇಡಬಹುದು. ಅದಿಲ್ಲದೆಯೂ ಕೆಲಸ ನಡೆಯುತ್ತದೆ. ಕಡ್ಡಾಯವಾಗಿ ಉಳಿಯುವುದು ಟ್ಯಾಲಿ, ಎಕ್ಸೆಲ್‌ನಲ್ಲಿ ಎರಡು ಪಟ್ಟಿ ತಾಳೆ ಹಾಕುವ ಅಭ್ಯಾಸ, ಜಿಎಸ್‌ಟಿ ಮತ್ತು ಟಿಡಿಎಸ್ ನಿಯಮಗಳ ತಿಳಿವಳಿಕೆ.

‘ಒತ್ತಡ ತಾಳುವ ಗುಣ’ವನ್ನು ಸಂದರ್ಶನದಲ್ಲಿ ಅಳೆಯುವುದು ಕಷ್ಟ. ‘20ನೇ ತಾರೀಖಿನ ಹಿಂದಿನ ವಾರ ಸಂಜೆ ತಡವಾಗಬಹುದು’ ಎಂದು ಇದ್ದದ್ದನ್ನು ಹೇಳಿಬಿಡುವುದು ಅಭ್ಯರ್ಥಿಗೆ ಮಾಡುವ ನ್ಯಾಯ. 3ರಿಂದ 8 ವರ್ಷವೂ ಅಷ್ಟೇ: ಒಂದು ಪೂರ್ತಿ ಹಣಕಾಸು ವರ್ಷದ ತಾಳೆಯನ್ನು ಸ್ವತಃ ಮಾಡಿರಬೇಕು ಎಂದರೆ ಹೆಚ್ಚು ಸ್ಪಷ್ಟ.

ಅರ್ಜಿಗಳು ಬಂದ ಮೇಲೆ ಇನ್ನೊಂದು ಪರೀಕ್ಷೆಯಿದೆ. ಕಡ್ಡಾಯವೆಂದ ಕೌಶಲ ಇಲ್ಲದವರನ್ನೂ ಸಂದರ್ಶನಕ್ಕೆ ಕರೆಯಬೇಕೆನಿಸಿದರೆ ಆ ಸಾಲು ಕಡ್ಡಾಯದ್ದಲ್ಲ. ಜಾಹೀರಾತನ್ನು ಅಂದೇ ತಿದ್ದಬೇಕು, ಏಕೆಂದರೆ ಅದೇ ಸಾಲನ್ನು ನಂಬಿ ಅರ್ಜಿ ಹಾಕದೆ ಉಳಿದವರು ಇರುತ್ತಾರೆ.