ತಿಳಿನೀರೆಲ್ಲ ಕುಡಿನೀರಲ್ಲ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಅನೇಕ ಕೊಳವೆ ಬಾವಿಗಳ ನೀರು ನೋಟಕ್ಕೆ ಗಾಜಿನಷ್ಟು ತಿಳಿ. ಆದರೂ ಅದನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲುಗಳಲ್ಲಿ ಕಂದು ಗೆರೆಗಳು ಮೂಡುವುದುಂಟು. ಬಹುಕಾಲ ಕುಡಿದ ಹಿರಿಯರ ಬೆನ್ನು, ಮಂಡಿಗಳು ಬಿಗಿದುಕೊಳ್ಳುವುದುಂಟು. ನೆಲದಾಳದ ಶಿಲೆಯಿಂದ ನೀರಿಗೆ ಕರಗಿ ಬರುವ ಫ್ಲೋರೈಡೇ ಇದಕ್ಕೆ ಕಾರಣ. ಹಾಗಾದರೆ ಮನೆಮನೆಗೂ ಪರಿಚಿತವಾದ ಮೂರು ಶುದ್ಧೀಕರಣ ಕ್ರಮಗಳು ಇಲ್ಲಿ ಏನು ಮಾಡಬಲ್ಲವು?

ಮೊದಲನೆಯದು ಪಟಕ. ಮಳೆಗಾಲದ ಕೆರೆಯ ನೀರಿನಲ್ಲಿ ಮಣ್ಣಿನ ಅತಿಸೂಕ್ಷ್ಮ ಕಣಗಳು ಒಂದನ್ನೊಂದು ದೂಡುತ್ತ ತೇಲಾಡುತ್ತವೆ. ಪಟಕವನ್ನು ಕದಡಿದಾಗ ಹತ್ತಿಯಂತಹ ಗರಣೆಗಳು ಹುಟ್ಟಿ ಆ ಕಣಗಳನ್ನು ತಮ್ಮೊಡನೆ ಸೆಳೆದು ತಳಕ್ಕಿಳಿಯುತ್ತವೆ. ಕೆಲವು ರೋಗಾಣುಗಳೂ ಅವುಗಳೊಡನೆ ಇಳಿಯುತ್ತವೆ; ಎಲ್ಲವೂ ಅಲ್ಲ.

ಉಳಿದವನ್ನು ಕೊಲ್ಲುವುದು ಕ್ಲೋರಿನ್. ಬ್ಲೀಚಿಂಗ್ ಪುಡಿ ಬೆರೆಸಿದ ನೀರನ್ನು ಅರ್ಧ ಗಂಟೆಯಾದರೂ ಬಿಡಬೇಕು. ಕೊನೆಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಕೆಲಸ ನಡೆದಿದೆಯೆಂದು ತಿಳಿಯಬಹುದು. ಕದಡಿದ ನೀರಿನಲ್ಲಿ ಕಲ್ಮಷವೇ ಕ್ಲೋರಿನ್ನನ್ನು ನುಂಗಿಬಿಡುವುದರಿಂದ ಪಟಕದ ಕೆಲಸ ಮೊದಲು ಮುಗಿಯಬೇಕು.

ಕುದಿಸುವುದು ರೋಗಾಣುಗಳಿಗೆ ಇನ್ನೂ ಖಚಿತವಾದ ಮದ್ದು. ಅದು ನೀರಿನ ಗಡಸುತನವನ್ನೂ ಕೊಂಚ ಇಳಿಸುತ್ತದೆ. ಪಾತ್ರೆಯ ತಳಕ್ಕೆ ಕಟ್ಟುವ ಬಿಳಿಯ ಪದರವೇ ಇದಕ್ಕೆ ಸಾಕ್ಷಿ. ಆದರೆ ಫ್ಲೋರೈಡು ಆವಿಯಾಗಿ ಹೋಗುವುದಿಲ್ಲ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡಿರುವ 10 ಲೀಟರ್ ನೀರನ್ನು ಒಲೆಯ ಮೇಲಿಟ್ಟಿದ್ದಾರೆಂದು ಭಾವಿಸೋಣ. ಒಟ್ಟು ಫ್ಲೋರೈಡು 30 ಮಿಲಿಗ್ರಾಂ. ಕುದಿದು 8 ಲೀಟರಿಗಿಳಿದಾಗ ಅಷ್ಟೂ ಅಲ್ಲಿಯೇ ಉಳಿದು, ಲೀಟರಿಗೆ 3.75 ಮಿಲಿಗ್ರಾಂ ಆಗುತ್ತದೆ. ಭಾರತೀಯ ಮಾನಕದಂತೆ ಇರಬೇಕಾದುದು 1 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದಲ್ಲಿ ಹೆಚ್ಚೆಂದರೆ 1.5.

ಕ್ಲೋರಿನ್ನಿಗೂ ಫ್ಲೋರೈಡಿನ ಮೇಲೆ ಹಿಡಿತವಿಲ್ಲ. ಚಿಟಿಕೆ ಪಟಕದಿಂದಲೂ ಪ್ರಯೋಜನ ಅತ್ಯಲ್ಪ. ಆದರೆ ಪಟಕದ ಪ್ರಮಾಣವನ್ನು ಲೀಟರಿಗೆ ನೂರಾರು ಮಿಲಿಗ್ರಾಂಗಳಿಗೇರಿಸಿ, ಜೊತೆಗೆ ಸುಣ್ಣವನ್ನು ಬೆರೆಸಿದರೆ ಗರಣೆಗಳು ಫ್ಲೋರೈಡನ್ನೂ ಹಿಡಿಯುತ್ತವೆ. ನಾಗಪುರದ ರಾಷ್ಟ್ರೀಯ ಪರಿಸರ ತಾಂತ್ರಿಕ ಸಂಶೋಧನಾ ಸಂಸ್ಥೆ ರೂಪಿಸಿದ ‘ನಲ್ಗೊಂಡ ವಿಧಾನ’ ಇದೇ. ಮೊದಲು ಸುಣ್ಣ, ಬಳಿಕ ಪಟಕ. ಮೆಲ್ಲಗೆ ಕಲಕಿ, ಗರಣೆ ತಳಕ್ಕಿಳಿದ ಮೇಲೆ ತಿಳಿಯನ್ನು ಬಸಿದುಕೊಳ್ಳಬೇಕು. ಅಳತೆ ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುತ್ತದೆ. ಆದುದರಿಂದ ನೀರನ್ನು ಪರೀಕ್ಷಿಸದೆ, ಅಂದಾಜಿನ ಮೇಲೆ ಇದನ್ನು ಮಾಡುವುದು ಸಲ್ಲದು.

ಕಣ್ಣಿಗಾಗಲಿ ನಾಲಗೆಗಾಗಲಿ ಫ್ಲೋರೈಡು ಸಿಕ್ಕದು. ಅದನ್ನು ಅರಿಯಲು ಜಿರ್ಕೋನಿಯಂ ಸೇರಿದ ಕೆಂಪು ಬಣ್ಣದ ದ್ರಾವಣವೊಂದಿದೆ: ಫ್ಲೋರೈಡು ಹೆಚ್ಚಿದಷ್ಟೂ ಆ ಕೆಂಪು ಹಳದಿಯತ್ತ ತಿರುಗುತ್ತದೆ. ಈ ನಾಲ್ಕು ತಾಲ್ಲೂಕುಗಳ ಕೊಳವೆ ಬಾವಿಯ ನೀರಿಗೆ ಒಲೆ ಹೊತ್ತಿಸುವ ಮುನ್ನ ಆಗಬೇಕಾದುದು ಈ ಪರೀಕ್ಷೆಯೇ.